ಎಂಟು ತಿಂಗಳ ಮಗುವಿನ ಮುಂದೆ ಹೊಸಬರ ಮೊದಲ ಹತ್ತು ನಿಮಿಷ

"ಮಗನಿಗೆ ಎಂಟು ತಿಂಗಳು. ಐದು ವಾರದ ಹಿಂದೆ ನನ್ನ ಅಣ್ಣನ ತೊಡೆ ಮೇಲೆ ಕೂತು ನಗ್ತಿದ್ದ. ನಿನ್ನೆ ಅವನನ್ನ ನೋಡಿದ್ದೇ ಕಿರುಚಿ ಅತ್ತ. ಅಭ್ಯಾಸ ಆಗ್ಲಿ ಅಂತ ಮೂರು ಸಲ ಅಣ್ಣನ ಕೈಗೆ ಕೊಟ್ಟೆ, ಇನ್ನೂ ಜಾಸ್ತಿ ಆಯ್ತು. ಯಾಕೆ ಹೀಗೆ?"

ಮೂರು ಸಲ ಕೊಟ್ಟೆ ಅಂದ್ರಲ್ಲ ಅಕ್ಕ, ಅದೇ ತಪ್ಪು ನಾನೂ ಮಾಡಿದ್ದೆ. ದಯವಿಟ್ಟು ನಾಲ್ಕನೇ ಸಲ ಕೊಡಬೇಡಿ. ಅತ್ತಾಗೆಲ್ಲ ಆ ಕೈಗೇ ಹೋದರೆ "ಈ ಮುಖ ಕಂಡರೆ ಅಮ್ಮನ ಮಡಿಲು ತಪ್ಪುತ್ತೆ" ಅನ್ನೋದೊಂದೇ ಮಗುವಿಗೆ ಅಭ್ಯಾಸ ಆಗೋದು.

ಮೇಲೆ ಒಬ್ಬರು "ಮೊದಲು ಗುರುತು ಹಿಡಿಯೋಕೆ ಬರ್ತಿರಲಿಲ್ಲ, ಈಗ ಬರುತ್ತೆ, ಅಷ್ಟೇ" ಅಂದಿದ್ದಾರೆ. ಅರ್ಧ ನಿಜ. ಅಮ್ಮನ ಮುಖ, ದನಿ, ವಾಸನೆ ಮಗುವಿಗೆ ಮೊದಲ ವಾರಗಳಿಂದಲೇ ಬೇರೆ ಅಂತ ಗೊತ್ತಿರುತ್ತೆ. ಮೂರು ತಿಂಗಳಲ್ಲಿ ಮುಖ ಅನ್ನೋ ಆಕಾರವೇ ನಗೋಕೆ ಸಾಕು, ಹಾಗಾಗಿ ಯಾರನ್ನ ಕಂಡರೂ ನಗು. ಏಳು, ಎಂಟು ತಿಂಗಳ ಹೊತ್ತಿಗೆ ಎದುರಿನ ಮುಖವನ್ನ ನೆನಪಿನಲ್ಲಿರೋ ಮುಖಗಳ ಜೊತೆ ಇಟ್ಟು ನೋಡೋಕೆ ಶುರು ಮಾಡುತ್ತೆ. ಹೊಂದದಿದ್ದರೆ ಹೆದರಿಕೆ. ಐದು ವಾರ ಕಾಣದ ಮಾವ ಆ ಲೆಕ್ಕದಲ್ಲಿ ಹೊಸಬನೇ. ರೆನೆ ಸ್ಪಿಟ್ಜ್ ಅನ್ನೋ ಮನೋವೈದ್ಯರು ಇದನ್ನ ಎಂಟನೇ ತಿಂಗಳ ಆತಂಕ ಅಂತಲೇ ಕರೆದರು. ಆದರೆ ಎಂಟು ಅನ್ನೋದು ಗೆರೆ ಅಲ್ಲ. ಕೆಲವಕ್ಕೆ ಆರಕ್ಕೇ ಶುರು, ಕೆಲವು ಅಳೋದೇ ಇಲ್ಲ, ಸುಮ್ಮನೆ ಗಂಭೀರ ಆಗ್ತವೆ.

ಈಗ ಮುಖ್ಯ ವಿಷಯ. ಅಳೋಕೆ ಮುಂಚೆ ಮಗು ಏನು ಮಾಡುತ್ತೆ ನೋಡಿ. ಆಟ ನಿಲ್ಲುತ್ತೆ, ಕೈ ಅಲ್ಲೇ ತಡೆಯುತ್ತೆ, ಹುಬ್ಬು ಗಂಟಾಗುತ್ತೆ, ಆಮೇಲೆ ಕಣ್ಣು ಪಕ್ಕಕ್ಕೆ ತಿರುಗಿಸಿ ನಿಮ್ಮ ಕೊರಳಿಗೆ ಮುಖ ಒತ್ತುತ್ತೆ. ಆ ಕಣ್ಣು ತಿರುಗಿಸೋದು ಸಿಡುಕಲ್ಲ. ಹೆದರಿದಾಗ ಏರಿದ ಎದೆಬಡಿತ ಬೇರೆ ಕಡೆ ನೋಡಿದಾಗ ಇಳಿಯುತ್ತೆ, ಇಳಿದ ಮೇಲೆ ಮಗು ತಾನೇ ಮತ್ತೆ ಇಣುಕುತ್ತೆ. ನಾವು ಮಾಡೋ ಎಡವಟ್ಟು ಅಂದ್ರೆ, ಅದು ಮುಖ ತಿರುಗಿಸಿದ ಕೂಡಲೇ ಬಂದವರು ಆ ಕಡೆಗೇ ಸುತ್ತಿ ಬಂದು "ನೋಡು ಪುಟ್ಟ, ಇಲ್ನೋಡು" ಅನ್ನೋದು. ಸುಧಾರಿಸಿಕೊಳ್ಳೋ ದಾರಿಯನ್ನೇ ಮುಚ್ಚಿದ ಹಾಗೆ.

ಮುಂದಿನ ಸಲ ಅಣ್ಣ ಬಂದಾಗ ಮಗು ನಿಮ್ಮ ತೊಡೆ ಮೇಲಿರಲಿ. ಅಣ್ಣ ಎಂಟು ಹತ್ತು ಅಡಿ ದೂರ, ನೆಲದ ಮೇಲೆ, ಸ್ವಲ್ಪ ಪಕ್ಕಕ್ಕೆ ತಿರುಗಿ ಕೂರಲಿ. ಎತ್ತರದಿಂದ ದಡದಡ ಹತ್ತಿರ ಬರೋದೇ ಅರ್ಧ ಭಯ. ಹತ್ತು ನಿಮಿಷ ಅವರು ಮಾತಾಡೋದು ನಿಮ್ಮ ಜೊತೆ, ಮಗುವಿನ ಜೊತೆ ಅಲ್ಲ. ನೀವು ನಗ್ತಾ ಮಾತಾಡಿ, ಮಗು ನಿಮ್ಮ ಮುಖ ನೋಡಿಯೇ ಈ ಮನುಷ್ಯ ಪರವಾಗಿಲ್ವಾ ಅಂತ ತೂಗುತ್ತೆ. ಆಮೇಲೆ ಮಗುವಿಗೆ ಪರಿಚಯ ಇರೋ ಒಂದು ಆಟಿಕೆಯನ್ನ ಅಣ್ಣ ನೆಲದ ಮೇಲೆ ಅರ್ಧ ದಾರಿಗೆ ಉರುಳಿಸಿ ಬಿಡಲಿ. ಕೈಯಲ್ಲಿ ಹಿಡಿದು ಚಾಚಬಾರದು. ಮಗು ತಾನೇ ಎತ್ತಿಕೊಂಡರೆ ಮುಂದಿನದು, ಇಲ್ಲದಿದ್ದರೆ ಇವತ್ತಿಗೆ ಅಷ್ಟೇ. ಎತ್ತಿಕೊಳ್ಳೋದು ಕಡೇಗೆ, ಅದೂ ಮಗು ತಾನಾಗಿ ಕೈ ಚಾಚಿದರೆ ಮಾತ್ರ. ಬೆಳಕು ಮಿನುಗಿಸಿ ಕಿರುಚೋ ಬ್ಯಾಟರಿ ಆಟಿಕೆ ಯಾವ ಕಂಪನಿಯದ್ದೂ ಇಲ್ಲಿ ಬೇಡ, ಹೆದರಿದ ಮಗುವಿಗೆ ಅದು ಎರಡನೇ ಹೊಸಬ.

ಹಲ್ಲು ಬರ್ತಿರಬೇಕು ಅಂತ ಬರೆದವರಿಗೆ: ಹಲ್ಲಿನ ನೋವಾಗಿದ್ರೆ ಅಣ್ಣ ಆಚೆ ಹೋದ ಮೇಲೂ, ನಿಮ್ಮ ಮಡಿಲಲ್ಲೂ ಅಳಬೇಕಿತ್ತು. ಹಾಗೆ ಅಳ್ತಿದ್ರೆ ಜ್ವರ, ಕಿವಿ ನೋಡಿಸಿ. ಅಮ್ಮನ ಮುಖ ಕಂಡರೂ ನಗದ, ಕಣ್ಣಿಗೆ ಕಣ್ಣು ಕೊಡದ ಮಗುವಿನ ವಿಷಯ ಬೇರೆ, ಅದಕ್ಕೆ ಡಾಕ್ಟರ ಹತ್ತಿರ ತಡಮಾಡದೆ ಹೋಗಿ.

ಹದಿನಾಲ್ಕು ತಿಂಗಳ ಮಗಳು ರಾತ್ರಿ ಎದ್ದು ಅಳ್ತಾಳೆ ಅಂದವರೇ, ನಿಮ್ಮದು ಹೊಸಬರ ಭಯ ಅಲ್ಲ, ನೀವು ಕಾಣದಿರೋ ಭಯ ಇರಬಹುದು. ಬೇರೆ ಪೋಸ್ಟ್ ಹಾಕಿ, ಅಲ್ಲಿ ಮಾತಾಡೋಣ. ಒಂದೇ ಮಾತು, ಹಗಲಲ್ಲಿ ಮಗು ಆಟದಲ್ಲಿದೆ ಅಂತ ಕಣ್ಣು ತಪ್ಪಿಸಿ ಜಾರಿಕೊಳ್ಳಬೇಡಿ, ಹೇಳಿ ಹೋಗಿ.

ಸಣ್ಣದರಿಂದಲೇ ತುಂಬಾ ಜನರ ಕೈಗೆ ಕೊಟ್ಟಿದ್ರೆ ಹೀಗಾಗ್ತಿರಲಿಲ್ಲ ಅನ್ನೋ ವಾದ ಕೆಳಗೆ ನಡೀತಿದೆ. ತುಂಬು ಮನೆಯ ಮಕ್ಕಳೂ ಈ ವಯಸ್ಸಿಗೆ ಅಳ್ತವೆ, ಸ್ವಲ್ಪ ಬೇಗ ಹೊಂದಿಕೊಳ್ಳಬಹುದು. ಅದಕ್ಕಿಂತ ಹೆಚ್ಚು ನಾನು ಖಾತ್ರಿಯಾಗಿ ಹೇಳಲ್ಲ, ಮಗುವಿನ ಸ್ವಭಾವವೂ ಇದೆ.

ಡೇಕೇರ್‌ಗೆ ಬಿಡೋ ಯೋಚನೆ ಇದ್ರೆ ಅಲ್ಲಿನ ಆಯಾ ಜೊತೆಗೂ ಇದೇ ಕ್ರಮ. ನೀವು ಅಲ್ಲೇ ಕೂತು ಮೂರು ನಾಲ್ಕು ದಿನ, ಒಬ್ಬರೇ ಆಯಾ, ದಿನಕ್ಕೊಬ್ಬರಲ್ಲ. ಡಾಕ್ಟರಿಗೂ ಮಗುವನ್ನ ಬೆಂಚಿನ ಮೇಲೆ ಮಲಗಿಸದೆ ನಿಮ್ಮ ತೊಡೆ ಮೇಲೇ ಇಟ್ಟು ಎದೆ ನೋಡಿ ಅಂತ ಕೇಳಿ, ಬಹಳಷ್ಟು ಜನ ಒಪ್ತಾರೆ.

ಅಣ್ಣನಿಗೆ ಬೇಜಾರಾಗಿದ್ರೆ ಈ ಉತ್ತರ ಅವರಿಗೇ ಕಳಿಸಿ. ಬಂದಾಗ ಕನ್ನಡಕ, ಟೋಪಿ ತೆಗೆದು ಕೂರೋಕೆ ಹೇಳಿ.