ಶೆಡ್ಯೂಲ್ ಮಾಡಿಟ್ಟ ಪೋಸ್ಟ್‌ಗಳನ್ನೆಲ್ಲ ಒಮ್ಮೆಲೇ ತಡೆಯುವುದು

ಪ್ರಶ್ನೆ: ದೊಡ್ಡ ದುರಂತದ ಸುದ್ದಿ ಬಂದಾಗ ನಮ್ಮ ಆಫರ್ ಪೋಸ್ಟ್‌ಗಳು ಸಾಲಾಗಿ ಶೆಡ್ಯೂಲ್ ಆಗಿರುತ್ತವೆ. ಎಲ್ಲವನ್ನೂ ಬೇಗ ನಿಲ್ಲಿಸೋದು ಹೇಗೆ?

ಯಾವ ಪೋಸ್ಟ್ ಇರಬಹುದು, ಯಾವುದು ಬೇಡ ಎಂದು ಒಂದೊಂದಾಗಿ ಓದುತ್ತಾ ಕೂರಬೇಡಿ. ಮೊದಲು ಎಲ್ಲವನ್ನೂ ನಿಲ್ಲಿಸಿ, ಆಮೇಲೆ ಓದಿ. ಕಷ್ಟ ಇರುವುದು ಆ 'ಎಲ್ಲವನ್ನೂ' ಎಂಬುದರಲ್ಲೇ.

ನಾನು ಒಂದು ಪ್ರವಾಸ ಸಂಸ್ಥೆಯ ಪೇಜ್‌ಗಳನ್ನು ನೋಡಿಕೊಳ್ಳುತ್ತಿದ್ದಾಗ ಬೆಳಿಗ್ಗೆ 9.50ಕ್ಕೆ ವಿಮಾನ ಅಪಘಾತದ ಸುದ್ದಿ ಬಂತು. 10.30ಕ್ಕೆ ನಮ್ಮ 'ರೆಕ್ಕೆ ಬಿಚ್ಚಿ ಹಾರಿ' ಪೋಸ್ಟ್ ಹೋಗಬೇಕಿತ್ತು. 9.55ಕ್ಕೇ ಶೆಡ್ಯೂಲಿಂಗ್ ಟೂಲ್‌ನಲ್ಲಿ Pause ಒತ್ತಿ ನಿರಾಳವಾದೆ. 10.30ಕ್ಕೆ ಸರಿಯಾಗಿ ಅದೇ ಸಾಲು ರೀಲ್ ಆಗಿ ಬಂದೇಬಿಟ್ಟಿತು. ಸಹೋದ್ಯೋಗಿಯೊಬ್ಬರು ಅದನ್ನು ಟೂಲ್‌ನಲ್ಲಲ್ಲ, ರೀಲ್ ಹಾಕುವ ಆ್ಯಪ್‌ನ ಒಳಗೇ ಶೆಡ್ಯೂಲ್ ಮಾಡಿದ್ದರು. ಅಳಿಸುವಷ್ಟರಲ್ಲಿ 8 ನಿಮಿಷ ಕಳೆದಿತ್ತು. ತಮ್ಮವರು ಆ ವಿಮಾನದಲ್ಲಿದ್ದರು ಎಂದು ಒಬ್ಬರು ಕೆಳಗೆ ಬರೆದಿದ್ದರು. ಅದನ್ನು ಇವತ್ತಿಗೂ ಮರೆಯಲಾಗಿಲ್ಲ.

ಟೂಲ್‌ನ Pause ಬಟನ್ ತಡೆಯುವುದು ಆ ಟೂಲ್ ಮೂಲಕ ಹೋಗುವುದನ್ನು ಮಾತ್ರ. ಸ್ಪ್ರೌಟ್ ಸೋಷಿಯಲ್‌ನಂಥವುಗಳಲ್ಲಿ ಎಲ್ಲಕ್ಕೂ ಸೇರಿ ಒಂದೇ ಬಟನ್ ಇದೆ. ಕೆಲವು ಟೂಲ್‌ಗಳಲ್ಲಿ ಪ್ರತಿ ಚಾನೆಲ್‌ನ ಕ್ಯೂವನ್ನು ಬೇರೆ ಬೇರೆಯಾಗಿ ನಿಲ್ಲಿಸಬೇಕು. Meta Business Suite ನಲ್ಲೇ ಶೆಡ್ಯೂಲ್ ಮಾಡಿದ್ದು ಅದರೊಳಗಿನ Planner ನಲ್ಲಿ ಸಿಗುತ್ತದೆ. ಯೂಟ್ಯೂಬ್‌ನಲ್ಲಿ ಶೆಡ್ಯೂಲ್ ಆದ ವಿಡಿಯೋವನ್ನು Private ಮಾಡಿದರೆ ಸಾಕು. ಇಷ್ಟೆಲ್ಲ ಆದರೂ ದುಡ್ಡು ಕೊಟ್ಟು ಓಡಿಸುತ್ತಿರುವ ಜಾಹೀರಾತು ಓಡುತ್ತಲೇ ಇರುತ್ತದೆ. ಜನ ಮರೆಯುವುದು ಹೆಚ್ಚಾಗಿ ಇದನ್ನೇ. Ads Manager ಗೆ ಹೋಗಿ ಕ್ಯಾಂಪೇನ್ ಹಂತದಲ್ಲೇ ಆಫ್ ಮಾಡಿ. ಮುಂಚೆಯೇ ಟೈಮ್ ಕೊಟ್ಟಿಟ್ಟ ಇಮೇಲ್ ಮತ್ತು ಮೆಸೇಜ್‌ಗಳನ್ನೂ ನೋಡಿ.

ಆ ಘಟನೆಯ ನಂತರ ಪೋಸ್ಟ್ ಹೊರಡುವ ಜಾಗಗಳನ್ನೆಲ್ಲ ಒಂದೇ ಹಾಳೆಯಲ್ಲಿ ಬರೆದಿಟ್ಟೆವು: ಎಲ್ಲಿಗೆ ಹೋಗಬೇಕು, ಯಾವ ಬಟನ್, ಯಾರ ಬಳಿ ಲಾಗಿನ್ ಇದೆ. ಪ್ರತಿಯೊಂದಕ್ಕೂ ಕನಿಷ್ಠ ಇಬ್ಬರು, ಮೇಲಿನವರನ್ನು ಕೇಳದೆ ನಿಲ್ಲಿಸುವ ಅಧಿಕಾರದೊಂದಿಗೆ. ಮತ್ತೆ ಶುರು ಮಾಡಲು ಮಾತ್ರ ಒಪ್ಪಿಗೆ ಬೇಕು. ನಿಲ್ಲಿಸಿದ ಮೇಲೆ ಟೂಲ್‌ನ ಮಾತು ನಂಬದೆ, ಮುಂದಿನ ಪೋಸ್ಟ್‌ನ ಸಮಯಕ್ಕೆ ಪ್ರತಿ ಪೇಜನ್ನೂ ಹೊರಗಿನವರಂತೆ ತೆರೆದು ನೋಡುತ್ತೇವೆ.

Pause ತೆಗೆಯುವಾಗಲೂ ಹುಷಾರು. ಸಮಯ ಮೀರಿದ ಪೋಸ್ಟ್‌ಗಳನ್ನು ಬಿಟ್ಟುಬಿಡುವುದೋ, ಒಟ್ಟಿಗೆ ಹೊರಗೆ ಹಾಕುವುದೋ ಎಂಬುದು ಟೂಲ್‌ನಿಂದ ಟೂಲ್‌ಗೆ ಬೇರೆ. ಹಾಗಾಗಿ ನಾನು ಮೊದಲು ಎಲ್ಲವನ್ನೂ ಡ್ರಾಫ್ಟ್‌ಗೆ ಸರಿಸಿ, ಒಂದೊಂದನ್ನೇ ಓದಿ, ಹೊಸ ಸಮಯ ಕೊಡುತ್ತೇನೆ. ನಿಮ್ಮ ಟೂಲ್ ಏನು ಮಾಡುತ್ತದೆ ಎಂದು ತಿಳಿಯಲು ಇವತ್ತೇ ಒಂದು ಟೆಸ್ಟ್ ಅಕೌಂಟ್‌ನಲ್ಲಿ 10 ನಿಮಿಷ ಮುಂದಕ್ಕೆ ಪೋಸ್ಟ್ ಇಟ್ಟು, Pause ಮಾಡಿ, ಸಮಯ ದಾಟಿದ ಮೇಲೆ ಮತ್ತೆ ಶುರು ಮಾಡಿ ನೋಡಿ.