ರೊಟ್ಟಿ ತಿಂದ ಮೇಲೆ ಹಾರ್ಮೋನ್ ಏನು ಮಾಡುತ್ತದೆ, ಕಿಣ್ವ ಏನು ಮಾಡುತ್ತದೆ?

"ರಾಯಚೂರಲ್ಲಿ ಪಿಯುಸಿ ಓದ್ತಿದ್ದೀನಿ. ಹಾರ್ಮೋನ್, ಕಿಣ್ವ ಎರಡೂ ಚೂರೇ ಚೂರು ಇದ್ದು ದೊಡ್ಡ ಕೆಲಸ ಮಾಡ್ತವೆ. ಹಾಗಾದ್ರೆ ವ್ಯತ್ಯಾಸ ಏನು?"

ಕಿಣ್ವ ತಾನೇ ರಾಸಾಯನಿಕ ಕ್ರಿಯೆಯನ್ನು ವೇಗವಾಗಿ ನಡೆಸುತ್ತದೆ. ಹಾರ್ಮೋನ್ ರಕ್ತದಲ್ಲಿ ಸಾಗಿ ಜೀವಕೋಶಕ್ಕೆ ಸೂಚನೆ ಕೊಡುತ್ತದೆ, ಕೆಲಸ ಮಾಡುವುದು ಜೀವಕೋಶ.

ಜೋಳದ ರೊಟ್ಟಿ ತಿಂದಿರಿ ಅಂದುಕೊಳ್ಳಿ. ಜೊಲ್ಲಿನಲ್ಲಿರುವ ಅಮೈಲೇಸ್ ಕಿಣ್ವ ಪಿಷ್ಟದ ಸರಪಳಿಯನ್ನು ಕತ್ತರಿಸುತ್ತದೆ. ಕತ್ತರಿಸಿದ ಮೇಲೂ ಅದು ಇದ್ದ ಹಾಗೇ ಇರುತ್ತದೆ, ಮುಂದಿನ ತುಂಡಿಗೆ ಕೈ ಹಾಕುತ್ತದೆ. ಸ್ವಲ್ಪವೇ ಸಾಕಾಗುವುದು ಇದಕ್ಕೇ. ಜಠರದ ಆಮ್ಲದಲ್ಲಿ ಅದರ ಆಟ ಮುಗಿಯುತ್ತದೆ. ಉಳಿದ ಪಿಷ್ಟಕ್ಕೆ ಮೇದೋಜೀರಕ ಗ್ರಂಥಿ ತನ್ನ ಅಮೈಲೇಸನ್ನು ನಾಳದ ಮೂಲಕ ಸಣ್ಣ ಕರುಳಿಗೆ ಕಳಿಸುತ್ತದೆ.

ಕೊನೆಗೆ ಗ್ಲೂಕೋಸ್ ರಕ್ತಕ್ಕೆ ಸೇರುತ್ತದೆ. ಆಗ ಅದೇ ಗ್ರಂಥಿ ಇನ್ಸುಲಿನ್ ಹಾರ್ಮೋನನ್ನು, ನಾಳವಿಲ್ಲದೆ, ನೇರ ರಕ್ತಕ್ಕೆ ಬಿಡುತ್ತದೆ. ಇನ್ಸುಲಿನ್ ಗ್ಲೂಕೋಸನ್ನು ಮುಟ್ಟುವುದೇ ಇಲ್ಲ! ಸ್ನಾಯು ಕೋಶದ ಮೇಲಿನ ಗ್ರಾಹಕಕ್ಕೆ ಅಂಟಿಕೊಳ್ಳುತ್ತದೆ, ಅಷ್ಟೇ. ಆಮೇಲೆ ಕೋಶವೇ ಗ್ಲೂಕೋಸ್ ಒಳಬಿಡುವ ಪ್ರೋಟೀನ್‌ಗಳನ್ನು ತನ್ನ ಹೊರಪೊರೆಗೆ ತರುತ್ತದೆ. ಟೈಪ್ 2 ಡಯಾಬಿಟಿಸ್‌ನಲ್ಲಿ ಕೋಶ ಈ ಸೂಚನೆಗೆ ಸರಿಯಾಗಿ ಓಗೊಡುವುದಿಲ್ಲ. ಹಾಗಾಗಿ ಇನ್ಸುಲಿನ್ ಇದ್ದರೂ ರಕ್ತದಲ್ಲಿ ಸಕ್ಕರೆ ಜಾಸ್ತಿಯೇ ಉಳಿಯುತ್ತದೆ.

"ಪ್ರೋಟೀನ್ ಆದರೆ ಕಿಣ್ವ" ಅಂತ ಸುಮ್ನೆ ಬರೆದುಬಿಡಬೇಡಿ. ಇನ್ಸುಲಿನ್ನೂ ಪ್ರೋಟೀನೇ ಅಲ್ವಾ? ಮಜಾ ಅಂದ್ರೆ, ಕೆಲವೇ ನಿಮಿಷಗಳಲ್ಲಿ ಅದನ್ನು ಒಡೆದು ಹಾಕುವುದೂ ಕಿಣ್ವಗಳೇ.