ಹ್ಯಾಂಡೋವರ್ ನೋಟ್ ಬರೆದು ಹೋದವನಿಗೆ 85ನೇ ದಿನ ಬಂದ ಫೋನ್

*ಪ್ರಶ್ನೆ: ಮುಂದಿನ ವಾರ ಕೆಲಸ ಬಿಡ್ತಿದ್ದೀನಿ. ಪ್ರಾಜೆಕ್ಟ್ ನೋಡ್ಕೊಳ್ತಿದ್ದವನು ನಾನೊಬ್ನೇ. ಬಿಲ್ಡ್ ಹೇಗೆ, ಡಿಪ್ಲಾಯ್ ಹೇಗೆ, ಎಲ್ಲಿ ಹುಷಾರಾಗಿರಬೇಕು ಅಂತ ಬರೆದಿಟ್ರೆ ಸಾಕಲ್ವಾ? ಒಳ್ಳೆ ಟೆಂಪ್ಲೇಟ್ ಇದ್ರೆ ಕೊಡಿ.*

ಸಾಕಾಗಲ್ಲ. ನಾನೂ ಹಾಗೇ ಅಂದುಕೊಂಡು ಹನ್ನೊಂದು ಪುಟ ಬರೆದಿಟ್ಟು ಹೊರಟವನು.

ನೋಟ್ ಚೆನ್ನಾಗಿಯೇ ಇತ್ತು. ಬಿಲ್ಡ್ ಮಾಡೋದರಿಂದ ಹಿಡಿದು ಸರ್ವರ್‌ಗೆ ಹಾಕೋವರೆಗೆ ಒಂದೊಂದು ಕಮಾಂಡೂ ಬರೆದಿದ್ದೆ. ಅದರ ಏಳನೇ ಪುಟದಲ್ಲಿ ಒಂದು ಸಾಲು: "ಸೈಟಿನ ಸರ್ಟಿಫಿಕೇಟ್ ತಾನಾಗೇ ರಿನ್ಯೂ ಆಗುತ್ತೆ, ಏನೂ ಮಾಡಬೇಕಿಲ್ಲ." ನಾನು ಮುಗ್ಗರಿಸಿದ್ದು ಈ ಸಾಲಿನಲ್ಲಿ.

ಸರ್ಟಿಫಿಕೇಟ್ ಲೆಟ್ಸ್ ಎನ್‌ಕ್ರಿಪ್ಟ್‌ನದ್ದು, 90 ದಿನದ್ದು. ಸರ್ಟ್‌ಬಾಟ್ ದಿನಕ್ಕೆ ಎರಡು ಸಲ ನೋಡುತ್ತಿತ್ತು, 30 ದಿನಕ್ಕಿಂತ ಕಡಿಮೆ ಉಳಿದಾಗ ಹೊಸದು ತರುತ್ತಿತ್ತು. ನಮ್ಮದು ಎಲ್ಲ ಸಬ್‌ಡೊಮೇನ್‌ಗೂ ಸೇರಿ ಒಂದೇ ವೈಲ್ಡ್‌ಕಾರ್ಡ್. ಅದನ್ನು ಕೊಡಬೇಕಾದರೆ ಡೊಮೇನ್ ನಿಮ್ಮದೇ ಅಂತ ಡಿಎನ್‌ಎಸ್‌ನಲ್ಲಿ ಒಂದು ರೆಕಾರ್ಡ್ ಹಾಕಿ ತೋರಿಸಬೇಕು. ಆ ರೆಕಾರ್ಡ್ ಹಾಕಲು ಸರ್ಟ್‌ಬಾಟ್‌ಗೆ ಒಂದು ಟೋಕನ್ ಬೇಕು. ಆ ಟೋಕನ್ ಮಾಡಿದ್ದು ನನ್ನ ಲಾಗಿನ್‌ನಲ್ಲಿ. ಮಾಡಿ ಎರಡು ವರ್ಷವಾಗಿತ್ತು, ನನಗೇ ಮರೆತುಹೋಗಿತ್ತು.

ಕೆಲಸ ಬಿಡುವ ಐದು ದಿನ ಮುಂಚೆ ಸರ್ಟಿಫಿಕೇಟ್ ರಿನ್ಯೂ ಆಗಿತ್ತು. ಬಿಟ್ಟ ದಿನ ಸಂಜೆ ನನ್ನ ಲಾಗಿನ್‌ಗಳನ್ನೆಲ್ಲ ತೆಗೆದರು, ಟೋಕನ್ ಸತ್ತಿತು. ಯಾರಿಗೂ ಏನೂ ಗೊತ್ತಾಗಲಿಲ್ಲ, ಯಾಕೆಂದರೆ ಇನ್ನೂ ಸುಮಾರು ಎರಡು ತಿಂಗಳು ಯಾರೂ ಆ ಟೋಕನ್ ಕೇಳುವುದೇ ಇಲ್ಲ. ಆಮೇಲೆ ಸರ್ಟ್‌ಬಾಟ್ ದಿನಕ್ಕೆರಡು ಸಲ ಪ್ರಯತ್ನಪಟ್ಟು, ಸೋತು, `/var/log/letsencrypt/letsencrypt.log` ನಲ್ಲಿ ಬರೆದಿಟ್ಟು ಸುಮ್ಮನಾಗುತ್ತಿತ್ತು. ಆಗಿನ್ನೂ ಲೆಟ್ಸ್ ಎನ್‌ಕ್ರಿಪ್ಟ್ ಎಚ್ಚರಿಕೆಯ ಮೇಲ್ ಕಳಿಸುತ್ತಿತ್ತು (2025ರಲ್ಲಿ ನಿಲ್ಲಿಸಿತು). ಮೇಲ್ ಹೋಗುತ್ತಿದ್ದದ್ದು ಎಲ್ಲಿಗೆ? ಬಂದ್ ಆಗಿದ್ದ ನನ್ನ ಆಫೀಸ್ ಐಡಿಗೆ.

85ನೇ ದಿನ, ಭಾನುವಾರ ಬೆಳಗ್ಗೆ, ನನ್ನ ಜಾಗಕ್ಕೆ ಬಂದ ಹುಡುಗ ಫೋನ್ ಮಾಡಿದ. "ಸರ್, ಸೈಟ್ ತೆಗೆದ್ರೆ `NET::ERR_CERT_DATE_INVALID` ಅಂತಿದೆ. ನಿಮ್ಮ ನೋಟ್‌ನಲ್ಲಿ ಏನೂ ಮಾಡಬೇಕಿಲ್ಲ ಅಂತ ಇತ್ತಲ್ವಾ, ಅದಕ್ಕೇ ಅದನ್ನ ನೋಡೇ ಇರಲಿಲ್ಲ." ಏನು ಹೇಳಲಿ ಹೇಳಿ.

ಡಿಎನ್‌ಎಸ್‌ನ ಅಡ್ಮಿನ್ ಲಾಗಿನ್ ಅಕೌಂಟ್ಸ್‌ನಲ್ಲಿದ್ದ ಮೇಡಂ ಹತ್ತಿರ ಇತ್ತು. ಬಿಲ್ ಕಟ್ಟುವವರು ಅವರೇ. ಅವರು ಮದುವೆಮನೆಯಲ್ಲಿದ್ದರು. ಸಿಕ್ಕಿದ್ದು ಮಧ್ಯಾಹ್ನ ಊಟ ಆದಮೇಲೆ. ಹೊಸ ಟೋಕನ್ ಹಾಕಿ ರಿನ್ಯೂ ಮಾಡಿದರೂ ಬ್ರೌಸರ್‌ನಲ್ಲಿ ಹಳೇ ಕಥೆಯೇ. ಎಂಜಿನ್‌ಎಕ್ಸ್ ರೀಲೋಡ್ ಮಾಡುವವರೆಗೂ ಹಳೇ ಸರ್ಟಿಫಿಕೇಟನ್ನೇ ಕೊಡುತ್ತಿರುತ್ತದೆ. ವಾರಕ್ಕೊಮ್ಮೆ ರೀಲೋಡ್ ಮಾಡುವ ಕ್ರಾನ್ ಇತ್ತಲ್ಲ ಅಂದೆ. ಇತ್ತು, ನನ್ನ ಯೂಸರ್‌ನ ಕ್ರಾನ್‌ಟ್ಯಾಬ್‌ನಲ್ಲಿ. ಯೂಸರ್ ಹೋದ ದಿನವೇ ಅದೂ ಹೋಗಿತ್ತು.

ಅದಕ್ಕೇ ಟೆಂಪ್ಲೇಟ್ ಕೊಡಲ್ಲ. ಟೆಂಪ್ಲೇಟ್‌ನಲ್ಲಿ ನೀವು ಬರೆಯೋದು ನಿಮ್ಮ ಕೈಯಾರೆ ಮಾಡೋ ಕೆಲಸ. ನಿಮ್ಮ ಹೆಸರಲ್ಲಿ ತಾನಾಗೇ ನಡೀತಿರೋ ಕೆಲಸ ನೆನಪಿಗೇ ಬರಲ್ಲ. ಅದನ್ನು ಹುಡುಕಬೇಕು. ಸರ್ವರ್‌ನಲ್ಲಿ ಇಷ್ಟು ಓಡಿಸಿ ನೋಡಿ, `ravi` ಇರೋ ಕಡೆ ನಿಮ್ಮ ಯೂಸರ್ ಹೆಸರು ಹಾಕಿ:

```
crontab -l
sudo grep -rl "/home/ravi" /etc /opt
```

ಇದರಲ್ಲಿ ಟೋಕನ್‌ಗಳು ಸಿಗಲ್ಲ. ಅದಕ್ಕೆ ಒಂದೇ ದಾರಿ: ಕೊನೇ ದಿನದ ತನಕ ಕಾಯದೆ ಎರಡು ದಿನ ಮುಂಚೆಯೇ ನಿಮ್ಮ ಲಾಗಿನ್‌ಗಳನ್ನೆಲ್ಲ ಬಂದ್ ಮಾಡಿಸಿ. ಮ್ಯಾನೇಜರ್ ಮುಖ ಸಿಂಡರಿಸ್ತಾರೆ, ಬಿಡಬೇಡಿ. ಆಮೇಲೆ ಹೊಸಬರ ಕೈಯಲ್ಲಿ ಇದನ್ನು ಓಡಿಸಿ:

```
sudo certbot renew --dry-run
```

ಇದು ಟೆಸ್ಟ್ ಸರ್ವರ್ ಜೊತೆ ಮಾತಾಡುತ್ತೆ, ಆದರೆ ಡಿಎನ್‌ಎಸ್ ರೆಕಾರ್ಡ್ ನಿಜವಾಗಿಯೇ ಹಾಕುತ್ತೆ. ಟೋಕನ್ ಸತ್ತಿದ್ದರೆ ಇಲ್ಲೇ ಗೊತ್ತಾಗುತ್ತೆ, ಮೂರು ತಿಂಗಳು ಕಾಯಬೇಕಿಲ್ಲ. ಬಿಲ್ಡ್‌ಗೂ ಇದೇ ಮಾತು. ಖಾಲಿ ಲ್ಯಾಪ್‌ಟಾಪ್‌ನಲ್ಲಿ ಅವರೇ ಮಾಡಲಿ, ನೀವು ಬಾಯಿ ಬಿಡಬೇಡಿ. ನಿಮ್ಮ `~/.npmrc` ನಲ್ಲಿ ಕೂತಿರೋ ಟೋಕನ್ ಹೊರಗೆ ಬರೋದು ಆಗಲೇ.

ಇನ್ನು "ಹುಷಾರು" ಅನ್ನೋ ಪದವನ್ನೇ ನೋಟ್‌ನಿಂದ ತೆಗೀರಿ. "ತಿಂಗಳ ರಿಪೋರ್ಟ್ ಸ್ವಲ್ಪ ಸೂಕ್ಷ್ಮ" ಅಂತ ನಾನು ಬರೆದಿದ್ದೆ. ಅದರಿಂದ ಯಾರಿಗೇನು ಗೊತ್ತಾಗುತ್ತೆ? ಬರೆಯಬೇಕಿದ್ದದ್ದು ಹೀಗೆ: "ರಿಪೋರ್ಟ್ ದೊಡ್ಡದಾದರೆ 60 ಸೆಕೆಂಡಿಗೆ 504 ಬರುತ್ತೆ. ಹಿಂದೆ ಕೆಲಸ ನಡೀತಾನೇ ಇರುತ್ತೆ. ಮತ್ತೆ ಬಟನ್ ಒತ್ತಬೇಡಿ, ಗ್ರಾಹಕರಿಗೆ ಎರಡೆರಡು ಮೇಲ್ ಹೋಗುತ್ತೆ."

ಮುಂದಿನ ಕಂಪನಿ ಬಿಡುವಾಗ ಬುಧವಾರವೇ ಲಾಗಿನ್ ಬಂದ್ ಮಾಡಿಸಿದೆ. ಗುರುವಾರ ಬೆಳಗ್ಗೆ ಡಿಪ್ಲಾಯ್ ನಿಂತಿತು, ಬ್ಯಾಕಪ್ ಓಡಿರಲಿಲ್ಲ. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಕಾಫಿ ಹಿಡಿದು ಅಲ್ಲೇ ಕೂತಿದ್ದೆ.